84 ಗೆದ್ದ ಮಯಾಮಿ, 82 ಗೆದ್ದ ಸ್ಯಾನ್ ಡಿಯಾಗೊ: ಪೈಥಾಗೊರಸ್ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬೇಕು?

ತೀರದ ಕನ್ನಡಿಗ

ಸ್ಯಾನ್ ಡಿಯಾಗೊದಲ್ಲಿ ನೆಲೆಸಿದ ಮೇಲೆ ಇಲ್ಲಿನ ಪಾಡ್ರೆಸ್ ತಂಡದ ಬೇಸ್‌ಬಾಲ್ ಪಂದ್ಯಗಳನ್ನು ತಪ್ಪದೆ ನೋಡುತ್ತೇನೆ. 2023ರ ಸೀಸನ್ನಿನ ಬಗ್ಗೆ ಇಲ್ಲಿ ಬಲ್ಲವರನ್ನು ಒಂದು ವಿಷಯ ಕೇಳಬೇಕಿದೆ. ಆ ವರ್ಷ ಪಾಡ್ರೆಸ್ 162 ಪಂದ್ಯಗಳಲ್ಲಿ 752 ರನ್ ಗಳಿಸಿ 648 ರನ್ ಬಿಟ್ಟುಕೊಟ್ಟಿತು, ಆದರೆ ಗೆದ್ದದ್ದು 82 ಮಾತ್ರ. ಅದೇ ನ್ಯಾಷನಲ್ ಲೀಗಿನ ಮಯಾಮಿ ಮಾರ್ಲಿನ್ಸ್ 666 ರನ್ ಗಳಿಸಿ 723 ಬಿಟ್ಟುಕೊಟ್ಟರೂ 84 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು, ನಮ್ಮವರು ಹೊರಗುಳಿದರು.

ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳಿಂದ ಗೆಲುವಿನ ಸಂಖ್ಯೆಯನ್ನು ಅಂದಾಜು ಮಾಡುವ, ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಅವರ ಪೈಥಾಗೊರಸ್ ಸೂತ್ರದ ಪ್ರಕಾರ ಪಾಡ್ರೆಸ್ ಸುಮಾರು 92 ಗೆಲ್ಲಬೇಕಿತ್ತು, ಮಾರ್ಲಿನ್ಸ್ 75ರ ಆಸುಪಾಸಿನಲ್ಲಿ ಇರಬೇಕಿತ್ತು. ಮರುವರ್ಷ ಪಾಡ್ರೆಸ್ 93 ಗೆದ್ದಿತು, ಮಾರ್ಲಿನ್ಸ್ 62ಕ್ಕೆ ಕುಸಿಯಿತು. ಹಾಗಾದರೆ ಸೂತ್ರವು ಮುಂದಾಗುವುದನ್ನು ಒಂದು ವರ್ಷ ಮೊದಲೇ ಹೇಳಿತ್ತು ಎಂದು ತಿಳಿಯಬಹುದೇ? ಅಥವಾ ನಾನು ನನಗೆ ಬೇಕಾದ ಎರಡು ತಂಡಗಳನ್ನೇ ಹೆಕ್ಕಿ ತೋರಿಸುತ್ತಿದ್ದೇನೆಯೇ?

ಅಂಕಣದಾಚೆ

ಸೂತ್ರವನ್ನು ಇಲ್ಲೊಮ್ಮೆ ಬರೆದು ಹಾಕಿದರೆ ಮಿಕ್ಕವರಿಗೆ ಅನುಕೂಲ. ನಾನು ಹಾಳೆಯಲ್ಲಿ 752 ಅನ್ನು ಒಟ್ಟು 1400 ರನ್‌ಗಳಿಂದ ಭಾಗಿಸಿ 162ರಿಂದ ಗುಣಿಸಿದಾಗ 87 ಬರುತ್ತಿದೆಯೇ ಹೊರತು 92 ಬರುತ್ತಿಲ್ಲ.

ಲೆಕ್ಕದ ಮೇಷ್ಟ್ರು

ನೀವು ಮಾಡಿರುವುದು ಗಳಿಸಿದ ರನ್‌ಗಳ ನೇರ ಪಾಲು. ಅದರಲ್ಲಿ ಘಾತವೇ ಇಲ್ಲ. ಜೇಮ್ಸ್ ಅವರು ಮೊದಲು ಎರಡೂ ಸಂಖ್ಯೆಗಳ ವರ್ಗ ತೆಗೆದುಕೊಂಡರು. ಆಮೇಲೆ ಹಲವು ವರ್ಷಗಳ ಫಲಿತಾಂಶಗಳಿಗೆ ಹೊಂದಿಸಿ ನೋಡಿದಾಗ ಬೇಸ್‌ಬಾಲ್‌ಗೆ 2ಕ್ಕಿಂತ 1.83 ಹೆಚ್ಚು ಸರಿಹೊಂದುತ್ತದೆ ಎಂದು ಕಂಡುಬಂದಿತು. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ:

```
=162*752^1.83/(752^1.83+648^1.83)
```

ಇದು 92 ಕೊಡುತ್ತದೆ. ಘಾತವನ್ನು 2 ಎಂದು ಇಟ್ಟರೆ 93 ಬರುತ್ತದೆ. ಮಾರ್ಲಿನ್ಸ್ ಅಂಕಿಗಳನ್ನು ಹಾಕಿದರೆ ಒಂದರಲ್ಲಿ 75, ಇನ್ನೊಂದರಲ್ಲಿ 74. ಕೈಯಲ್ಲಿ ಕಂಪ್ಯೂಟರ್ ಇಲ್ಲದಾಗ ಇನ್ನೂ ಸುಲಭದ ದಾರಿಯಿದೆ: ಬೇಸ್‌ಬಾಲ್‌ನಲ್ಲಿ ಸುಮಾರು ಹತ್ತು ರನ್ನಿನ ಅಂತರ ಒಂದು ಗೆಲುವಿಗೆ ಸಮ. ಪಾಡ್ರೆಸ್ 104 ರನ್ ಮುಂದಿತ್ತು, ಆದ್ದರಿಂದ ಅರ್ಧ ಪಂದ್ಯಗಳಾದ 81ಕ್ಕೆ ಹತ್ತು ಸೇರಿಸಿ; ಮಾರ್ಲಿನ್ಸ್ 57 ರನ್ ಹಿಂದಿತ್ತು, 81ರಿಂದ ಆರು ಕಳೆಯಿರಿ. ಉತ್ತರ ಹೆಚ್ಚುಕಡಿಮೆ ಅದೇ.

ಮೂಲ ಪ್ರಶ್ನೆಗೆ ಬರುವುದಾದರೆ, ನಿಜವಾದ ಗೆಲುವಿಗೂ ಈ ಲೆಕ್ಕಕ್ಕೂ ನಾಲ್ಕು ಪಂದ್ಯಗಳಷ್ಟು ವ್ಯತ್ಯಾಸ ಬರುವುದು ತೀರಾ ಸಾಮಾನ್ಯ. ಮೂರು ಪಂದ್ಯ ಹೆಚ್ಚು ಗೆದ್ದ ತಂಡವನ್ನು ಅದೃಷ್ಟವಂತ ಎನ್ನುವುದರಲ್ಲಿ ಅರ್ಥವಿಲ್ಲ. ಹತ್ತು ಕಡಿಮೆ, ಒಂಬತ್ತು ಹೆಚ್ಚು ಎಂಬಂಥ ಅಂತರ ಕಂಡಾಗ ಮಾತ್ರ ನಿಂತು ನೋಡಬೇಕು. ಈ ಎರಡು ತಂಡಗಳನ್ನು ನೀವು ಆರಿಸಿಕೊಂಡದ್ದು ತಪ್ಪಲ್ಲ. ಆ ವರ್ಷ ಯಾರು ಹುಡುಕಿದ್ದರೂ ಇವೇ ಕಣ್ಣಿಗೆ ಬೀಳುತ್ತಿದ್ದವು.

ಚಿನ್ನಸ್ವಾಮಿ ಪೆವಿಲಿಯನ್

ಇದು ನಮ್ಮ ನೆಟ್ ರನ್ ರೇಟ್ ಅಲ್ಲವೇ? 2024ರ ಐಪಿಎಲ್‌ನಲ್ಲಿ ಆರ್‌ಸಿಬಿ, ಚೆನ್ನೈ, ಡೆಲ್ಲಿ, ಲಖನೌ ನಾಲ್ಕೂ 14 ಅಂಕದಲ್ಲಿ ನಿಂತಾಗ, +0.459 ರನ್ ರೇಟಿನ ಆರ್‌ಸಿಬಿ ಮುಂದಕ್ಕೆ ಹೋಯಿತು, −0.667 ಇದ್ದ ಲಖನೌ ಏಳು ಪಂದ್ಯ ಗೆದ್ದರೂ ಹೊರಬಿತ್ತು. ಇಷ್ಟು ಸರಳವಾದ ಮಾತಿಗೆ ಘಾತ, ವರ್ಗಗಳ ಅಗತ್ಯವೇನು?

ಲೆಕ್ಕದ ಮೇಷ್ಟ್ರು

ಸರ್, ಎರಡಕ್ಕೂ ನೆಂಟಸ್ತಿಕೆ ಇದೆ, ಆದರೆ ಎರಡೂ ಒಂದೇ ಅಲ್ಲ. ನೆಟ್ ರನ್ ರೇಟ್ ಸಮಬಲದಲ್ಲಿರುವ ತಂಡಗಳನ್ನು ಒಂದರ ಕೆಳಗೊಂದು ನಿಲ್ಲಿಸುತ್ತದೆಯೇ ಹೊರತು ಆ ತಂಡ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂದು ಹೇಳುವುದಿಲ್ಲ. ಜೇಮ್ಸ್ ಸೂತ್ರದ ಕೆಲಸವೇ ರನ್‌ಗಳನ್ನು ಗೆಲುವಿನ ಸಂಖ್ಯೆಗೆ ತಿರುಗಿಸುವುದು.

ಇನ್ನೂ ದೊಡ್ಡ ತೊಡಕು ಕ್ರಿಕೆಟ್ಟಿನ ಸ್ವರೂಪದಲ್ಲೇ ಇದೆ. ಬೆನ್ನಟ್ಟುವ ತಂಡ ಗುರಿ ಮುಟ್ಟಿದ ಕೂಡಲೇ ಆಟ ನಿಲ್ಲುತ್ತದೆ. 160ರ ಗುರಿಯನ್ನು 14 ಓವರ್‌ಗಳಲ್ಲಿ ಎಂಟು ವಿಕೆಟ್ ಉಳಿಸಿಕೊಂಡು ಮುಟ್ಟಿದ ತಂಡಕ್ಕೂ, ಕೊನೆಯ ಎಸೆತದಲ್ಲಿ ಒಂಬತ್ತನೆಯ ಜೋಡಿ ತಿಣುಕಿ ಮುಟ್ಟಿದ ತಂಡಕ್ಕೂ ಸ್ಕೋರ್‌ಬೋರ್ಡಿನಲ್ಲಿ ಹೆಚ್ಚುಕಡಿಮೆ ಅದೇ ಮೊತ್ತ ಕಾಣುತ್ತದೆ. ಬರೀ ಗಳಿಸಿದ ರನ್, ಕೊಟ್ಟ ರನ್ ಹಾಕಿದರೆ ಚೆನ್ನಾಗಿ ಬೆನ್ನಟ್ಟುವ ತಂಡಗಳೆಲ್ಲ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತವೆ. ನೆಟ್ ರನ್ ರೇಟ್ ಓವರ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಇದನ್ನು ಸ್ವಲ್ಪ ಸರಿಪಡಿಸುತ್ತದೆ, ಆದರೂ ಉಳಿದ ವಿಕೆಟ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ.

ಚಿನ್ನಸ್ವಾಮಿ ಪೆವಿಲಿಯನ್

ಬೇಸ್‌ಬಾಲ್‌ನಲ್ಲಿಯೂ ಆತಿಥೇಯ ತಂಡ ಮುಂದಿದ್ದರೆ ಒಂಬತ್ತನೆಯ ಇನ್ನಿಂಗ್ಸಿನ ಕೊನೆಯ ಅರ್ಧವನ್ನು ಆಡುವುದೇ ಇಲ್ಲ. ಅಲ್ಲಿ ಮಾತ್ರ ಈ ದೋಷ ಬರುವುದಿಲ್ಲವೇ?

ಲೆಕ್ಕದ ಮೇಷ್ಟ್ರು

ಬರುತ್ತದೆ, ಆದರೆ ಹದಿನೆಂಟು ಅರ್ಧಗಳಲ್ಲಿ ಒಂದು ಅರ್ಧ ತಪ್ಪುವುದಕ್ಕೂ, ಇಡೀ ಎರಡನೆಯ ಇನ್ನಿಂಗ್ಸ್ ಗುರಿಗೆ ಕಟ್ಟುಬೀಳುವುದಕ್ಕೂ ಬಹಳ ಅಂತರವಿದೆ.

ರಾತ್ರಿ ಪಾಳಿ

ಸೂತ್ರ ನನಗೆ ಒಪ್ಪಿಗೆ, ಆದರೆ ‘ಅದೃಷ್ಟ’ ಎಂಬ ತೀರ್ಪು ಒಪ್ಪಿಗೆಯಿಲ್ಲ. ಒಂದು ರನ್ನಿನಿಂದ ನಿರ್ಧಾರವಾದ ಪಂದ್ಯಗಳಲ್ಲಿ ಪಾಡ್ರೆಸ್ 9 ಗೆದ್ದು 23 ಸೋತಿತು, ಮಾರ್ಲಿನ್ಸ್ 33 ಗೆದ್ದು 14 ಸೋತಿತು. ಇಂಥ ಪಂದ್ಯಗಳನ್ನು ಗೆಲ್ಲಿಸುವವರು ಕೊನೆಯ ಇನ್ನಿಂಗ್ಸ್‌ಗಳಿಗೆ ಬರುವ ಪಿಚರ್‌ಗಳು ಮತ್ತು ಒತ್ತಡದಲ್ಲಿ ತಲೆ ತಣ್ಣಗಿಟ್ಟುಕೊಳ್ಳುವ ಮ್ಯಾನೇಜರ್. ಇಡೀ ವರ್ಷ ಅದನ್ನೇ ಮಾಡಿ ತೋರಿಸಿದ ತಂಡದ ಶ್ರಮವನ್ನು ಅದೃಷ್ಟದ ಖಾತೆಗೆ ಬರೆಯುವುದು ಅನ್ಯಾಯ.

ತೀರದ ಕನ್ನಡಿಗ

ಕೊನೆಯ ಇನ್ನಿಂಗ್ಸಿನ ಪಿಚರ್ ಎಂದಿರಿ. 2023ರಲ್ಲಿ ಪಾಡ್ರೆಸ್ ಪರ ಆ ಕೆಲಸ ಮಾಡಿದವರು ಜೋಶ್ ಹೇಡರ್. ಕೊನೆಗೆ ಬಂದು ತಂಡದ ಮುನ್ನಡೆ ಕಾಪಾಡಿದ 33 ಸೇವ್, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.28 ರನ್. ಆ ವರ್ಷ ಇಡೀ ಅಮೆರಿಕದಲ್ಲಿ ಅವರಿಗಿಂತ ಉತ್ತಮರೆಂದು ಹೇಳಬಹುದಾದವರು ಕೈಬೆರಳೆಣಿಕೆಯಷ್ಟು. ಅಂಥವರನ್ನು ಇಟ್ಟುಕೊಂಡೂ ನಮ್ಮ ತಂಡ 9-23 ಆಯಿತು. ಆ ಸೋಲುಗಳನ್ನು ಒಂದೊಂದಾಗಿ ಕಂಡ ನನಗೆ ನಿಮ್ಮ ವಾದ ಒಪ್ಪಿಕೊಳ್ಳಲು ಬಹಳ ಕಷ್ಟವಾಗುತ್ತದೆ.

ರಾತ್ರಿ ಪಾಳಿ

ಹೇಡರ್ ಅವರನ್ನು ಹೆಚ್ಚಾಗಿ ತಂಡ ಮುಂದಿದ್ದಾಗ, ಅದೂ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಕರೆಯುತ್ತಿದ್ದರು. ಏಳು, ಎಂಟನೆಯ ಇನ್ನಿಂಗ್ಸ್‌ಗಳಲ್ಲಿ ಪಂದ್ಯ ಕೈಜಾರಿದ ಮೇಲೆ ಎಷ್ಟೇ ಒಳ್ಳೆಯ ಕ್ಲೋಸರ್ ಇದ್ದರೂ ಅವನು ಬೆಂಚಿನ ಮೇಲೆಯೇ ಕುಳಿತಿರುತ್ತಾನೆ.

ಲೆಕ್ಕದ ಮೇಷ್ಟ್ರು

ರಾತ್ರಿ ಪಾಳಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಕೊನೆಯಲ್ಲಿ ಬರುವ ಪಿಚರ್‌ಗಳು ಬಲವಾಗಿರುವ ತಂಡ, ವರ್ಷಕ್ಕೆ ಒಂದೆರಡು ಪಂದ್ಯಗಳ ಮಟ್ಟಿಗೆ ಸೂತ್ರವನ್ನು ಮೀರಬಹುದು, ಏಕೆಂದರೆ ಅತ್ಯುತ್ತಮ ಪಿಚರ್‌ನ ಇನ್ನಿಂಗ್ಸ್‌ಗಳು ಬಿಗಿಯಾದ ಪಂದ್ಯಗಳಿಗೇ ಮೀಸಲಾಗಿರುತ್ತವೆ. ಹತ್ತು ಪಂದ್ಯಗಳ ಅಂತರವನ್ನು ಮಾತ್ರ ಅದು ವಿವರಿಸಲಾರದು.

ಈ ಅಂತರ ಎಲ್ಲಿಂದ ಬಂತು ಎಂದು ಬಿಡಿಸಿ ನೋಡೋಣ. ಪಾಡ್ರೆಸ್ ಆಡಿದ ಒಂದು ರನ್ನಿನ ಪಂದ್ಯಗಳು 32. ಅರ್ಧಕ್ಕರ್ಧ ಗೆದ್ದಿದ್ದರೆ 16 ಆಗುತ್ತಿತ್ತು, ಆದದ್ದು 9. ಇಲ್ಲಿಯೇ ಏಳು ಗೆಲುವು ಹೋದವು. ಮಿಕ್ಕ ಪಂದ್ಯಗಳಲ್ಲಿ ಆ ತಂಡ 73 ಗೆದ್ದು 57 ಸೋತಿದೆ, ಅಂದರೆ ಅಲ್ಲಿ ಅದು ಸೂತ್ರ ಹೇಳಿದ ಬಲದ ತಂಡದಂತೆಯೇ ಆಡಿದೆ. ಮಾರ್ಲಿನ್ಸ್ 47 ಇಂಥ ಪಂದ್ಯಗಳಲ್ಲಿ 33 ಗೆದ್ದಿತು, ಅರ್ಧಕ್ಕಿಂತ ಒಂಬತ್ತೂವರೆ ಹೆಚ್ಚು. ಅದರ ಹೆಚ್ಚುವರಿ ಗೆಲುವುಗಳೆಲ್ಲ ಇಲ್ಲಿಯೇ ಮುಗಿದುಹೋದವು. ಉಳಿದ ಪಂದ್ಯಗಳಲ್ಲಿ ಅದರ ದಾಖಲೆ 51-64.

ಒಂದು ರನ್ನಿನ ಪಂದ್ಯಗಳಲ್ಲಿ ಗೆಲ್ಲುವುದು ಸ್ಥಿರವಾದ ಕೌಶಲವಾಗಿದ್ದರೆ ವರ್ಷದಿಂದ ವರ್ಷಕ್ಕೆ ಅದು ಉಳಿಯಬೇಕು. 2012ರ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು ನೆನಪಿಸಿಕೊಳ್ಳಿ. ಇಂಥ ಪಂದ್ಯಗಳಲ್ಲಿ 29 ಗೆದ್ದು 9 ಮಾತ್ರ ಸೋತು, ಬರೀ ಏಳು ರನ್ನಿನ ಮುನ್ನಡೆಯಲ್ಲಿ ಒಟ್ಟು 93 ಪಂದ್ಯ ಗೆದ್ದಿತು. ಆಗಲೂ ಎಲ್ಲರೂ ಮ್ಯಾನೇಜರ್ ಬಕ್ ಶೋವಾಲ್ಟರ್ ಅವರ ಜಾಣ್ಮೆಯೆಂದೇ ಹೇಳಿದರು. ಮರುವರ್ಷ ಅದೇ ಮ್ಯಾನೇಜರ್ ಕೈಕೆಳಗೆ ಆ ದಾಖಲೆ 20-31 ಆಯಿತು.

ಬೆಟ್ಟದ ಹೂವು

ಪಾಡ್ರೆಸ್ 2023ರಲ್ಲಿ ಎಕ್ಸ್‌ಟ್ರಾ ಇನ್ನಿಂಗ್ಸ್ ಪಂದ್ಯಗಳಲ್ಲಿ 2 ಗೆದ್ದು 12 ಸೋತದ್ದನ್ನು ಯಾರೂ ಹೇಳಲಿಲ್ಲ. ಈಗಿನ ನಿಯಮದಂತೆ ಹತ್ತನೆಯ ಇನ್ನಿಂಗ್ಸಿನಿಂದ ಎರಡನೆಯ ಬೇಸಿನಲ್ಲಿ ಒಬ್ಬ ಓಟಗಾರನನ್ನು ಪುಕ್ಕಟೆಯಾಗಿ ನಿಲ್ಲಿಸುವುದರಿಂದ ಅದು ಬಹುಮಟ್ಟಿಗೆ ನಾಣ್ಯ ಚಿಮ್ಮಿದಂತೆಯೇ. ಸರಿಯಾದ ನಾಣ್ಯವನ್ನು 14 ಸಲ ಚಿಮ್ಮಿದರೆ ಎರಡೋ ಅದಕ್ಕಿಂತ ಕಡಿಮೆಯೋ ಗೆಲ್ಲುವ ಸಾಧ್ಯತೆ 16,384ರಲ್ಲಿ 106, ಸುಮಾರು 155ಕ್ಕೆ ಒಂದು. ಇಷ್ಟು ಅಪರೂಪದ್ದನ್ನು ಬರೀ ಅದೃಷ್ಟ ಎನ್ನಲು ನನಗೂ ಮನಸ್ಸು ಬರುವುದಿಲ್ಲ.

ಲೆಕ್ಕದ ಮೇಷ್ಟ್ರು

ಒಂದು ತಂಡಕ್ಕೆ 155ಕ್ಕೆ ಒಂದು, ಸರಿ. ಆದರೆ ಪ್ರತಿ ವರ್ಷ ಮೂವತ್ತು ತಂಡಗಳು ಆಡುತ್ತವೆ, ಮತ್ತು ನಾವು ಮಾತಾಡುವುದು ಎಲ್ಲ ಮುಗಿದ ಮೇಲೆ ಅತ್ಯಂತ ವಿಚಿತ್ರವಾಗಿ ಕಂಡ ತಂಡದ ಬಗ್ಗೆ. ಎಲ್ಲ ತಂಡಗಳೂ ಇಷ್ಟೇ ಎಕ್ಸ್‌ಟ್ರಾ ಇನ್ನಿಂಗ್ಸ್ ಪಂದ್ಯ ಆಡುತ್ತವೆ ಎಂದುಕೊಂಡರೆ, ಐದಾರು ವರ್ಷಕ್ಕೊಮ್ಮೆ ಯಾವುದಾದರೊಂದು ತಂಡಕ್ಕೆ ಹೀಗಾಗುವುದನ್ನು ನಿರೀಕ್ಷಿಸಲೇಬೇಕು.

ಬೆಟ್ಟದ ಹೂವು

ಆ ವಾದದಿಂದ ಯಾವ ತಂಡದ ಯಾವ ದೌರ್ಬಲ್ಯವನ್ನು ಬೇಕಾದರೂ ಅಳಿಸಿಹಾಕಬಹುದಲ್ಲ! ಒತ್ತಡದ ಹೊತ್ತಿನಲ್ಲಿ ಆ ವರ್ಷದ ಬ್ಯಾಟರ್‌ಗಳು ಮಂಕಾದದ್ದನ್ನು ಇಡೀ ಊರೇ ನೋಡಿದೆ.

ಲೆಕ್ಕದ ಮೇಷ್ಟ್ರು

ಮಂಕಾದದ್ದು ನಿಜ, ಅದನ್ನು ಅಳಿಸಲು ಬರುವುದಿಲ್ಲ. ಆ ಮಂಕು ಮುಂದಿನ ವರ್ಷಕ್ಕೂ ಉಳಿಯುವ ಗುಣವೇ ಎಂಬುದಷ್ಟೇ ನಾನು ಕೇಳುತ್ತಿರುವ ಪ್ರಶ್ನೆ.

ಹಳೇ ರೈಡರ್

ನಾನು ಮಂಡ್ಯ ಕಡೆಯ ಒಂದು ಕಬಡ್ಡಿ ತಂಡಕ್ಕೆ ತರಬೇತಿ ಕೊಡುತ್ತೇನೆ. ನಮ್ಮ ಹುಡುಗರು ಗೆದ್ದರೆ ಹದಿನೈದು ಇಪ್ಪತ್ತು ಪಾಯಿಂಟಿನಿಂದ ಗೆಲ್ಲುತ್ತಾರೆ, ಸೋತರೆ ಒಂದೋ ಎರಡೋ ಪಾಯಿಂಟಿನಿಂದ ಸೋಲುತ್ತಾರೆ. ಈ ಸಲದ ಟೂರ್ನಿಯಲ್ಲಿ ಗಳಿಸಿದ ಪಾಯಿಂಟ್ ಎಲ್ಲರಿಗಿಂತ ಹೆಚ್ಚಿದ್ದರೂ ನಾಕೌಟ್‌ಗೆ ಹೋಗಲಾಗಲಿಲ್ಲ. ಸಂಘದವರು ನನ್ನನ್ನೇ ದೂರುತ್ತಿದ್ದಾರೆ. ಈ 1.83 ಹಾಕಿ ಲೆಕ್ಕ ಮಾಡಿ ಅವರ ಮುಂದಿಟ್ಟರೆ ನಡೆಯುತ್ತದೆಯೇ?

ಲೆಕ್ಕದ ಮೇಷ್ಟ್ರು

1.83 ಬೇಡ ಸರ್, ಅದು ಬೇಸ್‌ಬಾಲ್‌ನ ಸಂಖ್ಯೆ. ಆಟದಿಂದ ಆಟಕ್ಕೆ ಘಾತ ಬದಲಾಗುತ್ತದೆ. ಒಂದು ಬಾಸ್ಕೆಟ್‌ಬಾಲ್ ತಂಡ ಪಂದ್ಯಕ್ಕೆ ಸರಾಸರಿ 110 ಗಳಿಸಿ 105 ಕೊಡುತ್ತದೆ ಎಂದುಕೊಳ್ಳಿ. ಘಾತ 2 ಹಾಕಿದರೆ 82 ಪಂದ್ಯಗಳಲ್ಲಿ 43 ಗೆಲುವು ಬರುತ್ತದೆ. ಆಟ ಬಲ್ಲವರು ಯಾರೂ ಅದನ್ನು ಒಪ್ಪುವುದಿಲ್ಲ. ಪಂದ್ಯಕ್ಕೆ ಐದು ಪಾಯಿಂಟ್ ಮುಂದಿರುವುದು ಗಟ್ಟಿ ತಂಡದ ಲಕ್ಷಣ. ಅಲ್ಲಿ ಬಳಸುವ ಘಾತ 14ರ ಹತ್ತಿರ ಇದೆ, ಆಗ 54 ಗೆಲುವು ಬರುತ್ತದೆ. ಪಂದ್ಯಕ್ಕೆ ನೂರು ಸಲ ಚೆಂಡು ಕೈಗೆ ಬರುವ ಆಟದಲ್ಲಿ ಸಣ್ಣ ಮೇಲುಗೈಯೂ ಕೊನೆಗೆ ಗೆಲುವಾಗಿ ಕೂಡಿಬರುತ್ತದೆ, ನಾಲ್ಕೈದು ರನ್ನಿನಲ್ಲಿ ಮುಗಿಯುವ ಬೇಸ್‌ಬಾಲ್‌ನಲ್ಲಿ ಆಕಸ್ಮಿಕಕ್ಕೆ ಜಾಗ ಹೆಚ್ಚು. ಕಬಡ್ಡಿ ಇವೆರಡರ ನಡುವೆ ಎಲ್ಲೋ ಇರಬೇಕು ಎಂಬುದು ನನ್ನ ಊಹೆ.

ಒಂದು ಟೂರ್ನಿಯ ಕೆಲವೇ ಪಂದ್ಯಗಳನ್ನು ಇಟ್ಟುಕೊಂಡು ಅದೃಷ್ಟವೆಂದೋ ದುರದೃಷ್ಟವೆಂದೋ ತೀರ್ಮಾನಿಸಲಾಗದು. ಒಂದು ದುರ್ಬಲ ತಂಡದ ಮೇಲೆ ಮೂವತ್ತು ಪಾಯಿಂಟಿನಿಂದ ಗೆದ್ದರೂ ಸಾಕು, ಒಟ್ಟು ಲೆಕ್ಕವೇ ಏರುಪೇರಾಗುತ್ತದೆ.

ಹಳೇ ರೈಡರ್

ಕಬಡ್ಡಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಎದುರಾಳಿ ಆಲೌಟ್ ಆದರೆ ಎರಡು ಪಾಯಿಂಟ್ ಹೆಚ್ಚುವರಿಯಾಗಿ ಸಿಗುತ್ತದೆ, ಜೊತೆಗೆ ಒಂದು ಆಲೌಟ್ ಇನ್ನೊಂದನ್ನು ಕರೆದು ತರುತ್ತದೆ, ಹಾಗಾಗಿ ಅಂತರ ಒಮ್ಮೆಗೇ ಬೆಳೆಯುತ್ತದೆ. ಮತ್ತೊಂದೆಡೆ, ಐದಾರು ಪಾಯಿಂಟ್ ಮುಂದಿರುವ ತಂಡ ಕೊನೆಯ ಮೂರು ನಿಮಿಷ ಬರೀ ಖಾಲಿ ರೈಡ್ ಮಾಡಿ ಹೊತ್ತು ಕಳೆಯುತ್ತದೆ. ಆಗ ಅದರ ನಿಜವಾದ ಬಲ ಅಂತರದಲ್ಲಿ ಕಾಣುವುದಿಲ್ಲ. ಹೀಗಿರುವಾಗ ಒಂದು ಘಾತ ಎಲ್ಲ ಪಂದ್ಯಗಳಿಗೂ ಹೇಗೆ ಹೊಂದುತ್ತದೆ?

ಅಂಕಣದಾಚೆ

ಬೇಸ್‌ಬಾಲ್‌ನಲ್ಲಿಯೂ ಹನ್ನೆರಡು ರನ್ ಮುಂದಿದ್ದಾಗ ಸೋಲುತ್ತಿರುವ ತಂಡ ಒಳ್ಳೆಯ ಪಿಚರ್‌ಗಳನ್ನು ಉಳಿಸಿಕೊಂಡು ಯಾರೋ ಫೀಲ್ಡರನ ಕೈಗೆ ಚೆಂಡು ಕೊಡುತ್ತದೆ. ಆಗ ಬಂದ ರನ್‌ಗಳಿಗೆ ಏನು ಬೆಲೆ? ಪಾಡ್ರೆಸ್ ಅಂಥ ರನ್‌ಗಳಿಂದಲೇ 752 ಮುಟ್ಟಿದ್ದರೆ 92 ಗೆಲುವು ಎಂಬುದು ಬರೀ ಕಾಗದದ ಮಾತಾಗುತ್ತದೆ. ಹಾಗಾಗಿ ದೊಡ್ಡ ಗೆಲುವುಗಳನ್ನು ಲೆಕ್ಕದಿಂದ ಕೈಬಿಡಬೇಕು ಎನ್ನುತ್ತೇನೆ.

ಲೆಕ್ಕದ ಮೇಷ್ಟ್ರು

ಪೂರ್ತಿ ಕೈಬಿಟ್ಟರೆ ಮುಖ್ಯವಾದ ಸುಳಿವೇ ಹೋಗುತ್ತದೆ. ಮೇಲಿಂದ ಮೇಲೆ ದೊಡ್ಡ ಅಂತರದಿಂದ ಗೆಲ್ಲುವುದು ದುರ್ಬಲ ತಂಡಗಳಿಂದ ಸಾಧ್ಯವಿಲ್ಲ. ಒಂದು ಪಂದ್ಯದ ಅಂತರ ಇಷ್ಟಕ್ಕಿಂತ ಹೆಚ್ಚಿದ್ದರೆ ಇಷ್ಟೇ ಎಂದು ಮಿತಿ ಹಾಕಿ ಲೆಕ್ಕ ಮಾಡುವವರಿದ್ದಾರೆ. ಆ ಮಿತಿ ಎಷ್ಟಿರಬೇಕೆಂಬುದರಲ್ಲಿ ಒಮ್ಮತವಿಲ್ಲ.

ಹೊಸ ಪ್ರೇಕ್ಷಕ

ನನಗೆ ಅರ್ಥವಾದದ್ದು ಇಷ್ಟು: ಸೀಸನ್ನಿನ ಅರ್ಧದಲ್ಲಿ ಒಂದು ತಂಡ ಸೂತ್ರಕ್ಕಿಂತ ಆರು ಪಂದ್ಯ ಹಿಂದಿದ್ದರೆ, ಉಳಿದ ಅರ್ಧದಲ್ಲಿ ಆ ಆರನ್ನು ಮರಳಿ ಪಡೆದು ಸರಿಯಾದ ಜಾಗಕ್ಕೆ ಬರುತ್ತದೆ. ಆದ್ದರಿಂದ ಅಂಥ ತಂಡದ ಅಭಿಮಾನಿಗಳು ಚಿಂತಿಸಬೇಕಾಗಿಲ್ಲ.

ಬೆಟ್ಟದ ಹೂವು

ಮರಳಿ ಪಡೆಯುವುದಿಲ್ಲ, ಅಲ್ಲಿಯೇ ಹಲವರು ಎಡವುತ್ತಾರೆ. ಪಾಡ್ರೆಸ್‌ನಷ್ಟೇ ಬಲದ ಒಂದು ತಂಡವನ್ನು ತೆಗೆದುಕೊಳ್ಳಿ, ಅಂದರೆ ನೂರಕ್ಕೆ ಸುಮಾರು 57 ಪಂದ್ಯ ಗೆಲ್ಲಬಲ್ಲ ತಂಡ. ಮೊದಲ 81 ಪಂದ್ಯಗಳಲ್ಲಿ 46ರ ಬದಲು 40 ಗೆದ್ದಿದೆ ಎನ್ನೋಣ. ಉಳಿದ 81ರಲ್ಲಿ ಅದು ತನ್ನ ಬಲಕ್ಕೆ ತಕ್ಕಂತೆ 46 ಗೆಲ್ಲುತ್ತದೆಂದು ನಿರೀಕ್ಷಿಸಬಹುದು, 52 ಅಲ್ಲ. ಒಟ್ಟು 86 ಆಗುತ್ತದೆಯೇ ಹೊರತು 92 ಆಗುವುದಿಲ್ಲ. ಹೋದ ಆರು ಹೋದವೇ. ಅಭಿಮಾನಿಗಳು ಚಿಂತಿಸಲು ಅಷ್ಟು ಸಾಕು.

ರಾತ್ರಿ ಪಾಳಿ

ನೀವೆಲ್ಲರೂ 2023ರ ಇನ್ನೊಂದು ತಂಡವನ್ನು ಮರೆತಿದ್ದೀರಿ. ಅರಿಜೋನಾ ಡೈಮಂಡ್‌ಬ್ಯಾಕ್ಸ್ 746 ರನ್ ಗಳಿಸಿ 761 ಕೊಟ್ಟು, 84 ಪಂದ್ಯ ಗೆದ್ದು, ಕೊನೆಗೆ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು. ಸೂತ್ರದ ಕಣ್ಣಿನಲ್ಲಿ ಸಾಧಾರಣವೂ ಅಲ್ಲದ ತಂಡ ಫೈನಲ್ ಆಡಿತು. 2021ರ ಸಿಯಾಟಲ್ ಮ್ಯಾರಿನರ್ಸ್ ಇನ್ನೂ ಸ್ಪಷ್ಟ ಉದಾಹರಣೆ: 697 ಗಳಿಸಿ 748 ಕೊಟ್ಟು 90 ಪಂದ್ಯ ಗೆದ್ದಿತು. ಸೂತ್ರ 76 ಎಂದಿತ್ತು. ‘ಮುಂದಿನ ವರ್ಷ ಬೀಳುತ್ತದೆ’ ಎಂದು ಹೇಳಿದವರಿಗೆಲ್ಲ 2022ರಲ್ಲಿ ಮತ್ತೆ 90 ಗೆದ್ದು ಉತ್ತರ ಕೊಟ್ಟಿತು.

ಲೆಕ್ಕದ ಮೇಷ್ಟ್ರು

2022ರ ಮ್ಯಾರಿನರ್ಸ್ 690 ಗಳಿಸಿ 623 ಮಾತ್ರ ಕೊಟ್ಟಿತು. ಗೆಲುವಿನ ಸಂಖ್ಯೆ ಒಂದೇ, ಆದರೆ ತಂಡ ಬೇರೆಯೇ. ಬ್ಯಾಟರ್ ಹೂಲಿಯೊ ರಾಡ್ರಿಗಸ್ ಆ ವರ್ಷ ಬಂದರು, ಸೀಸನ್ನಿನ ನಡುವೆ ಪಿಚರ್ ಲೂಯಿಸ್ ಕಾಸ್ಟಿಯೊ ಸೇರಿದರು. ಹಿಂದಿನ ವರ್ಷ ರನ್‌ಗಳು ಹೇಳದೆ ಸಿಕ್ಕಿದ್ದ 90 ಗೆಲುವು ಈ ಬಾರಿ ರನ್‌ಗಳ ಆಧಾರದ ಮೇಲೆಯೇ ಸಿಕ್ಕಿತು. ತಂಡ ಬಲಗೊಳ್ಳದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ನೋಡಲಿಲ್ಲ. ಅರಿಜೋನಾ ಬಗ್ಗೆ ವಾದವಿಲ್ಲ. ಏಳು ಪಂದ್ಯಗಳ ಸರಣಿಯಲ್ಲಿ ಏನು ಬೇಕಾದರೂ ಆಗಬಹುದು, ಸೂತ್ರ ಅದನ್ನು ಹೇಳಲು ಹೋಗುವುದೂ ಇಲ್ಲ.

ತೀರದ ಕನ್ನಡಿಗ

ಹಾಗಾದರೆ ನನ್ನ ಎರಡು ತಂಡಗಳ ಮರುವರ್ಷಕ್ಕೂ ಇದೇ ಪರೀಕ್ಷೆ ಮಾಡಬೇಕಲ್ಲವೇ? ಪಾಡ್ರೆಸ್ 2024ರಲ್ಲಿ 760 ಗಳಿಸಿ 669 ಕೊಟ್ಟಿತು. ಸೂತ್ರಕ್ಕೆ ಹಾಕಿದರೆ 90 ಬರುತ್ತದೆ, ಗೆದ್ದದ್ದು 93. ಅಂದರೆ ಮುನ್ನಡೆ 104ರಿಂದ 91ಕ್ಕೆ ಇಳಿದಿದ್ದರೂ ಗೆಲುವು ಹನ್ನೊಂದು ಹೆಚ್ಚಿತು! ನಮ್ಮ ದೊಡ್ಡ ಬ್ಯಾಟರ್ ಹ್ವಾನ್ ಸೋಟೊ ಅವರನ್ನು ಯಾಂಕೀಸ್‌ಗೆ ಕೊಟ್ಟಾಗ ಇಲ್ಲಿ ಎಲ್ಲರೂ ತಂಡದ ಕಥೆ ಮುಗಿಯಿತು ಎಂದಿದ್ದರು.

ಲೆಕ್ಕದ ಮೇಷ್ಟ್ರು

ಹೌದು, ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಅಂಕಿ ಇದು. ತಂಡದ ಬಲ ಬಹುತೇಕ ಹಾಗೆಯೇ ಇತ್ತು, ಬದಲಾದದ್ದು ಆ ಬಲ ಗೆಲುವಾಗಿ ಸಂದ ರೀತಿ. ಪಾಡ್ರೆಸ್ ವಿಷಯದಲ್ಲಿ ಸೂತ್ರ ಸ್ವಚ್ಛವಾಗಿ ಕೆಲಸ ಮಾಡಿತು.

ಮಾರ್ಲಿನ್ಸ್ ವಿಷಯದಲ್ಲಿ ಹಾಗೆ ಹೇಳಲಾಗದು. 84ರಿಂದ 62ಕ್ಕೆ 22 ಗೆಲುವುಗಳ ಕುಸಿತ. ಅದರಲ್ಲಿ ಒಂಬತ್ತನ್ನು, ಅಂದರೆ 84ರಿಂದ 75ರವರೆಗಿನ ಇಳಿತವನ್ನು ಮಾತ್ರ ಸೂತ್ರದ ಲೆಕ್ಕಕ್ಕೆ ಬರೆಯಬಹುದು. ಉಳಿದ ಹದಿಮೂರು ಬೇರೆ ಕಾರಣದ್ದು. ಪಿಚರ್‌ಗಳಾದ ಸ್ಯಾಂಡಿ ಅಲ್ಕಾಂಟರಾ ಮತ್ತು ಯೂರಿ ಪೆರೆಸ್ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ 2024 ಆಡಲಿಲ್ಲ. ಮೇ ತಿಂಗಳಲ್ಲಿ ಬ್ಯಾಟರ್ ಲೂಯಿಸ್ ಅರಾಯೆಸ್, ಜುಲೈ ಕೊನೆಯಲ್ಲಿ ಕ್ಲೋಸರ್ ಟ್ಯಾನರ್ ಸ್ಕಾಟ್, ಇಬ್ಬರನ್ನೂ ಮಾರ್ಲಿನ್ಸ್ ಕೊಟ್ಟದ್ದು ನಿಮ್ಮ ಪಾಡ್ರೆಸ್‌ಗೇ. 62 ಎಂದು ಯಾವ ಸೂತ್ರವೂ ಹೇಳಿರಲಿಲ್ಲ.

ರಾತ್ರಿ ಪಾಳಿ

ಆದರೆ ಸ್ಕಾಟ್ ಅವರೇ 2023ರಲ್ಲಿ ಮಾರ್ಲಿನ್ಸ್‌ನ ಬಿಗಿ ಪಂದ್ಯಗಳನ್ನು ಕಾಯ್ದವರು. ಅವರು ಇದ್ದಾಗ 33-14. ನನ್ನ ಮಾತಿಗೆ ನೀವೇ ಸಾಕ್ಷಿ ಒದಗಿಸಿದ್ದೀರಿ.

ಬೆಟ್ಟದ ಹೂವು

2024ರಲ್ಲೂ ಜುಲೈ ಕೊನೆಯವರೆಗೆ ಅವರು ಅಲ್ಲೇ ಇದ್ದರು, ತಂಡ ಆಗಲೇ ತಳ ಹಿಡಿದಿತ್ತು. ಇಬ್ಬರ ವಾದಕ್ಕೂ ಅದು ಪೂರ್ತಿ ಒಗ್ಗುವುದಿಲ್ಲ.

ಹಳೇ ರೈಡರ್

ನಮ್ಮ ಕಬಡ್ಡಿಗೆ ಘಾತ ಎಷ್ಟೆಂದು ಕಂಡುಹಿಡಿಯುವುದು ಹೇಗೆ ಎಂದು ಯಾರಾದರೂ ತಿಳಿಸಿ. ಪ್ರೊ ಕಬಡ್ಡಿಯ ಅಂಕಿಅಂಶಗಳು ಸಿಗುತ್ತವೆ, ನನ್ನ ಮಗಳು ಕೂತು ಲೆಕ್ಕ ಮಾಡಬಲ್ಲಳು.

ಲೆಕ್ಕದ ಮೇಷ್ಟ್ರು

ಪ್ರತಿ ತಂಡಕ್ಕೆ, ಪ್ರತಿ ಸೀಸನ್ನಿಗೆ ಎರಡು ಸಂಖ್ಯೆ ತೆಗೆಯಲು ಹೇಳಿ: ಗೆಲುವನ್ನು ಸೋಲಿನಿಂದ ಭಾಗಿಸಿದ ಅನುಪಾತ, ಮತ್ತು ಗಳಿಸಿದ ಪಾಯಿಂಟನ್ನು ಕೊಟ್ಟ ಪಾಯಿಂಟಿನಿಂದ ಭಾಗಿಸಿದ ಅನುಪಾತ. ಎರಡಕ್ಕೂ ಲಾಗರಿದಮ್ ತೆಗೆದುಕೊಳ್ಳಲಿ. ಮೊದಲನೆಯದನ್ನು ನಿಲುವಿನಲ್ಲಿ, ಎರಡನೆಯದನ್ನು ಅಡ್ಡದಲ್ಲಿ ಗುರುತಿಸಿ, ಸೊನ್ನೆಯ ಮೂಲಕ ಹಾಯುವ ಗೆರೆ ಎಳೆದರೆ ಅದರ ಇಳಿಜಾರೇ ನಿಮ್ಮ ಘಾತ. ಟೈ ಆದ ಪಂದ್ಯಗಳನ್ನು ಅರ್ಧ ಗೆಲುವು, ಅರ್ಧ ಸೋಲು ಎಂದು ಹಂಚಿ. ಒಂದೇ ಸೀಸನ್ ಸಾಲದು, ಸಿಗುವಷ್ಟೂ ಸೀಸನ್‌ಗಳನ್ನು ಒಟ್ಟಿಗೆ ಹಾಕಿ.

ಹಳೇ ರೈಡರ್

ಪ್ರೊ ಕಬಡ್ಡಿಯಲ್ಲಿ ಮ್ಯಾಟ್ ಮೇಲೆ ಆಡುತ್ತಾರೆ, ನಮ್ಮ ಹುಡುಗರು ಮಣ್ಣಿನ ಅಂಕಣದಲ್ಲಿ ಆಡುತ್ತಾರೆ, ಸ್ಕೋರೂ ಅಷ್ಟು ಏರುವುದಿಲ್ಲ. ಅಲ್ಲಿಯ ಘಾತ ಇಲ್ಲಿಗೆ ನಡೆದೀತೇ?

ಲೆಕ್ಕದ ಮೇಷ್ಟ್ರು

ಬೇಸ್‌ಬಾಲ್‌ನಲ್ಲಿಯೇ ಪಂದ್ಯಕ್ಕೆ ಬೀಳುವ ಒಟ್ಟು ರನ್ ಕಡಿಮೆಯಾದಂತೆ ಘಾತವನ್ನು ಇಳಿಸುತ್ತಾರೆ, ಆದ್ದರಿಂದ ನಿಮ್ಮದು ಸ್ವಲ್ಪ ಕೆಳಗೇ ಇರಬಹುದು. ತಾಲ್ಲೂಕು ಟೂರ್ನಿಗಳ ಹಳೆಯ ಸ್ಕೋರ್ ಪುಸ್ತಕಗಳು ಸಂಘದಲ್ಲಿ ಇದ್ದರೆ ಅವುಗಳಿಂದಲೇ ಬೇರೆಯಾಗಿ ಲೆಕ್ಕ ಮಾಡಿಸಿ, ಎರಡನ್ನೂ ಇಲ್ಲಿ ಹಾಕಿ.